ತಂತಿಯ ತುದಿಯಲ್ಲಿ ಅಡಗಿದ ಉತ್ತರ

ದ್ವಿತೀಯ ಪಿಯುಸಿಯಲ್ಲಿ ಎನ್‌ಸಿಇಆರ್‌ಟಿ ಗಣಿತ ಓದಿದವರಿಗೆ 28 ಮೀಟರ್ ತಂತಿಯ ಲೆಕ್ಕ ನೆನಪಿರಬಹುದು. ತಂತಿಯನ್ನು ಎರಡು ತುಂಡು ಮಾಡಿ ಒಂದನ್ನು ವೃತ್ತವಾಗಿ, ಇನ್ನೊಂದನ್ನು ಚೌಕವಾಗಿ ಬಗ್ಗಿಸಬೇಕು. ಎರಡರ ಒಟ್ಟು ವಿಸ್ತೀರ್ಣ ಕನಿಷ್ಠವಾಗಲು ಎಲ್ಲಿ ಕತ್ತರಿಸಬೇಕು? ಪುಸ್ತಕ ಕೇಳುವುದು ಇಷ್ಟು. ಅದೇ ಪ್ರಶ್ನೆಯಲ್ಲಿ ‘ಕನಿಷ್ಠ’ ಅಳಿಸಿ ‘ಗರಿಷ್ಠ’ ಎಂದು ಬರೆದುಬಿಟ್ಟರೆ, ರೂಢಿಯ ದಾರಿ ಹಿಡಿದ ವಿದ್ಯಾರ್ಥಿ ಸರಿಯಾದ ಉತ್ತರದ ಎದುರು ತುದಿಗೆ ಹೋಗಿ ನಿಲ್ಲಬಹುದು.

ವೃತ್ತಕ್ಕೆ x ಮೀಟರ್ ತಂತಿ ಕೊಟ್ಟರೆ ಚೌಕಕ್ಕೆ ಉಳಿಯುವುದು 28 − x. ಒಟ್ಟು ವಿಸ್ತೀರ್ಣ ಹೀಗೆ:

A(x) = x²/(4π) + (28 − x)²/16

x ಸೊನ್ನೆಯಿಂದ 28ರವರೆಗೆ ಎಷ್ಟು ಬೇಕಾದರೂ ಇರಬಹುದು, ಆ ಎರಡು ತುದಿಗಳೂ ಲೆಕ್ಕಕ್ಕೆ ಸೇರಿವೆ. ತುದಿಗಳನ್ನೂ ಒಳಗೊಂಡ ಇಂಥ ಅಂತರವನ್ನು ‘ಮುಚ್ಚಿದ ಅಂತರ’ ಎನ್ನಬಹುದು.

ರೂಢಿಯ ದಾರಿ ಎಂದರೆ ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡುವುದು. ಇಲ್ಲಿ x/(2π) − (28 − x)/8 = 0 ಎಂದಾಗುತ್ತದೆ. ಬಿಡಿಸಿದರೆ x ಸುಮಾರು 12.32 ಮೀಟರ್. ಬೇರೆ ಯಾವ ಉತ್ತರವೂ ಬರುವುದಿಲ್ಲ. ಗರಿಷ್ಠ ಕೇಳಿದ್ದಾರೆ, ಸಿಕ್ಕಿದ್ದು ಒಂದೇ ಬಿಂದು, ಹಾಗಾದರೆ ಅದೇ ಗರಿಷ್ಠ ಎಂದು ಬರೆದುಬಿಡುವ ಆಸೆ ಸಹಜ. ಆದರೆ ಅಲ್ಲಿ ವಿಸ್ತೀರ್ಣ ಕೇವಲ 27.44 ಚದರ ಮೀಟರ್. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೂ 27.85 ಸಿಗುತ್ತದೆ. ಅಂದರೆ ಕೈಗೆ ಸಿಕ್ಕಿದ್ದು ಶಿಖರವಲ್ಲ, ಕಣಿವೆಯ ತಳ.

ಶಿಖರ ಎಲ್ಲಿದೆ? ಡೆರಿವೇಟಿವ್ ಸೊನ್ನೆ ಆಗಬೇಕು ಎಂಬ ನಿಯಮ ಎಲ್ಲಿಂದ ಬಂತು ಎಂದು ನೋಡಿದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ಅಂತರದ ನಡುವೆ ಒಂದು ಬಿಂದುವಿನಲ್ಲಿ ನಿಂತಿದ್ದೇವೆ ಎನ್ನಿ. ಅಲ್ಲಿ ರೇಖೆ ಬಲಕ್ಕೆ ಏರುತ್ತಿದ್ದರೆ, ಒಂದು ಹೆಜ್ಜೆ ಬಲಕ್ಕಿಟ್ಟರೆ ಇನ್ನೂ ಎತ್ತರ ಸಿಗುತ್ತದೆ, ಎಡಕ್ಕಿಟ್ಟರೆ ಇನ್ನೂ ತಗ್ಗು. ಹಾಗಾಗಿ ನಿಂತ ಜಾಗ ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ. ಈ ವಾದಕ್ಕೆ ಎರಡೂ ಕಡೆ ಹೆಜ್ಜೆ ಇಡಲು ಜಾಗ ಬೇಕು. ತುದಿಯಲ್ಲಿ ಆ ಜಾಗವಿಲ್ಲ. ಏರುತ್ತಾ ಬಂದ ದಾರಿ ಅಲ್ಲಿ ಥಟ್ಟನೆ ಮುಗಿಯುತ್ತದೆ, ಮುಗಿದ ಜಾಗವೇ ಅತಿ ಎತ್ತರದ್ದಾಗಿರಬಹುದು.

ತಂತಿಯಲ್ಲಿ ಆಗುವುದು ಇದೇ. x = 0 ಆದರೆ ಪೂರ್ತಿ ತಂತಿ ಚೌಕಕ್ಕೆ, ವಿಸ್ತೀರ್ಣ 49. x = 28 ಆದರೆ ಪೂರ್ತಿ ತಂತಿ ವೃತ್ತಕ್ಕೆ, ವಿಸ್ತೀರ್ಣ 62.39. ಈ ಎರಡನ್ನು 27.44ರ ಪಕ್ಕದಲ್ಲಿಟ್ಟು ನೋಡಿದರೆ ಸಾಕು: ಗರಿಷ್ಠ 62.39, ಕನಿಷ್ಠ 27.44. ಎರಡನೇ ಡೆರಿವೇಟಿವ್ ಪರೀಕ್ಷೆಯ ಅಗತ್ಯವೂ ಬೀಳಲಿಲ್ಲ. ಆ ಪರೀಕ್ಷೆ ಹೇಳುವುದು ಒಂದು ಬಿಂದುವಿನ ಆಸುಪಾಸಿನ ಸಂಗತಿಯನ್ನು ಮಾತ್ರ. ಇಡೀ ಅಂತರದಲ್ಲಿ ಯಾರು ದೊಡ್ಡವರು ಎಂಬುದನ್ನು ಬೆಲೆಗಳ ಹೋಲಿಕೆಯೇ ತೀರ್ಮಾನಿಸುತ್ತದೆ.

ಹೋಲಿಕೆಗೆ ಯಾರ್ಯಾರನ್ನು ಕರೆಯಬೇಕು? ಡೆರಿವೇಟಿವ್ ಸೊನ್ನೆಯಾಗುವ ಒಳಬಿಂದುಗಳು, ರೇಖೆ V ಅಕ್ಷರದಂತೆ ಮುರಿದು ಡೆರಿವೇಟಿವ್ ಇಲ್ಲದೇ ಹೋಗುವ ಬಿಂದುಗಳು, ಮತ್ತೆ ಎರಡು ತುದಿಗಳು. ಅಂತರದ ಹೊರಗಿನವರನ್ನು ಕರೆಯಬಾರದು. ವೃತ್ತಕ್ಕೆ ಕನಿಷ್ಠ 14 ಮೀಟರ್ ತಂತಿ ಬೇಕೇಬೇಕು ಎಂಬ ಷರತ್ತು ಬಂದರೆ ಅಂತರ 14ರಿಂದ 28ಕ್ಕೆ ಕುಗ್ಗುತ್ತದೆ. ಆಗ 12.32ಕ್ಕೆ ಪ್ರವೇಶವಿಲ್ಲ. ಈ ಸಲ ಕನಿಷ್ಠವೂ ತುದಿಗೆ ಬಂದು ಕೂರುತ್ತದೆ: x = 14ರಲ್ಲಿ 27.85. ಲೆಕ್ಕದ ಸೂತ್ರ ಒಂದು ಅಕ್ಷರವೂ ಬದಲಾಗಿಲ್ಲ, ಬದಲಾಗಿದ್ದು ಅಂತರ ಮಾತ್ರ.

ಈ ಹೋಲಿಕೆಯನ್ನು ನಂಬಬೇಕಾದರೆ ಗರಿಷ್ಠ ಎಂಬುದೊಂದು ಇದ್ದೇ ಇದೆ ಎಂಬ ಖಾತರಿ ಬೇಕು. ಮುಚ್ಚಿದ ಅಂತರದಲ್ಲಿ ಎಲ್ಲೂ ತುಂಡಾಗದೆ ಸಾಗುವ ಫಂಕ್ಷನ್ ತನ್ನ ಗರಿಷ್ಠವನ್ನೂ ಕನಿಷ್ಠವನ್ನೂ ಮುಟ್ಟಿಯೇ ತೀರುತ್ತದೆ. ಪ್ರಾಗ್‌ನ ಬೋಲ್ಜಾನೊ 1830ರ ದಶಕದಲ್ಲೇ ಇದನ್ನು ಬರೆದಿಟ್ಟಿದ್ದರು, ಆದರೆ ಅವರ ಆ ಹಸ್ತಪ್ರತಿ ಅಚ್ಚಾದದ್ದು 1930ರಲ್ಲಿ. ಅಷ್ಟರೊಳಗೆ ಬರ್ಲಿನ್‌ನ ವೈರ್‌ಸ್ಟ್ರಾಸ್ ಅವರ ಪಾಠಗಳಿಂದ ಪ್ರಮೇಯ ಹೆಸರಾಗಿ, ಅವರ ಹೆಸರಿನಲ್ಲೇ ಉಳಿಯಿತು.

‘ಮುಚ್ಚಿದ’ ಎಂಬ ಮಾತು ಸುಮ್ಮನೆ ಬಂದಿಲ್ಲ. ತಂತಿಯನ್ನು ಎರಡು ತುಂಡು ಮಾಡಲೇಬೇಕು ಎಂದು ಪ್ರಶ್ನೆ ಹಟ ಹಿಡಿದರೆ 0 ಮತ್ತು 28 ಎರಡೂ ಕೈತಪ್ಪುತ್ತವೆ. ಕನಿಷ್ಠ ಇದ್ದಲ್ಲೇ ಇರುತ್ತದೆ. ಗರಿಷ್ಠದ ಕಥೆ ಬೇರೆ. ವೃತ್ತಕ್ಕೆ 27 ಮೀಟರ್ ಕೊಟ್ಟರೆ 58.07, 27.9 ಕೊಟ್ಟರೆ 61.94, ಚೌಕಕ್ಕೆ ಒಂದು ಮಿಲಿಮೀಟರ್ ಮಾತ್ರ ಬಿಟ್ಟರೆ ಇನ್ನೂ ಹೆಚ್ಚು. ಎಷ್ಟು ಚಿಕ್ಕ ತುಂಡು ಉಳಿಸಿದರೂ ಅದಕ್ಕಿಂತ ಚಿಕ್ಕದನ್ನು ಉಳಿಸಿದವರ ಮೊತ್ತ ಅದನ್ನು ಮೀರುತ್ತದೆ, 62.39 ಮಾತ್ರ ಯಾರ ಕೈಗೂ ಸಿಗುವುದಿಲ್ಲ.