ಹಲ್ಲಿನ ಸಂದಿಗೆ ದಾರವೋ, ಪುಟ್ಟ ಬ್ರಷ್ಷೋ?

ಐವತ್ತು ದಾಟಿದವರ ನಾಲಿಗೆ ಊಟ ಮುಗಿದ ಕೂಡಲೇ ಹಲ್ಲಿನ ಸಂದಿಗಳನ್ನು ತಡಕಾಡತೊಡಗುತ್ತದೆ. ಕೊತ್ತಂಬರಿ ಸೊಪ್ಪು, ಮಾವಿನ ನಾರು, ಅಡಕೆ ಚೂರು, ಕೋಳಿಸಾರಿನ ಎಳೆ, ಒಂದಲ್ಲ ಒಂದು ಅಲ್ಲಿ ಸಿಕ್ಕಿಕೊಂಡಿರುತ್ತದೆ. ಕೈಗೆ ಸಿಕ್ಕ ಬೆಂಕಿಕಡ್ಡಿಯನ್ನೋ ಸೀರೆಯ ಪಿನ್ನನ್ನೋ ಹಾಕಿ ಅದನ್ನು ಕಿತ್ತು ತೆಗೆದರೆ ಕೆಲಸ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹಲ್ಲನ್ನು ಕೆಡಿಸುವುದು ಕಣ್ಣಿಗೆ ಕಾಣುವ ಆ ಚೂರಿಗಿಂತ ಹೆಚ್ಚಾಗಿ, ಹಲ್ಲಿನ ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ತೆಳುವಾದ ಜಿಗುಟು ಪದರ. ದಂತವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಕಡ್ಡಿಯಿಂದ ಚುಚ್ಚಿದರೂ ಹೋಗುವುದಿಲ್ಲ. ಏನಾದರೊಂದು ಆ ಮೈಗೆ ತಾಗಿ ಉಜ್ಜಲೇಬೇಕು. ಮಾಮೂಲಿ ಬ್ರಷ್ಷಿನ ಎಳೆಗಳು ಹಲ್ಲಿನ ಮುಂಬದಿ, ಹಿಂಬದಿ, ಜಗಿಯುವ ಮೈ ಇಷ್ಟನ್ನು ಮುಟ್ಟುತ್ತವೆ. ಪಕ್ಕದ ಹಲ್ಲಿಗೆ ಮುಖ ಮಾಡಿರುವ ಎರಡು ಬದಿಗಳು ಹಾಗೇ ಉಳಿಯುತ್ತವೆ.

ಆ ಬದಿಗಳಿಗಾಗಿ ಔಷಧಿ ಅಂಗಡಿಯಲ್ಲಿ ಎರಡು ಸಾಧನ ಸಿಗುತ್ತವೆ. ಒಂದು ಫ್ಲಾಸ್, ಅಂದರೆ ಮೇಣ ಹಚ್ಚಿದ ತೆಳು ದಾರ. ಇನ್ನೊಂದು, ಸಣ್ಣ ತಂತಿಯ ಸುತ್ತ ಎಳೆಗಳಿರುವ ಇಂಟರ್‌ಡೆಂಟಲ್ ಬ್ರಷ್. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಇಡೀ ಬಾಯಿಗೆ ಒಂದೇ ಉತ್ತರ ಬಯಸುತ್ತಾರೆ. ಉತ್ತರ ಇರುವುದು ಒಂದೊಂದು ಸಂದಿಯಲ್ಲಿ.

ಹರೆಯದಲ್ಲಿ, ವಸಡು ಗಟ್ಟಿಯಾಗಿರುವಾಗ, ಎರಡು ಹಲ್ಲುಗಳ ನಡುವಿನ ಜಾಗವನ್ನು ವಸಡಿನ ಒಂದು ಮೊನೆ ಪೂರ್ತಿ ತುಂಬಿಕೊಂಡಿರುತ್ತದೆ. ಅಲ್ಲಿ ಬ್ರಷ್ ತೂರಿಸಿದರೆ ವಸಡಿಗೇ ಗಾಯ. ಬಿಗಿಯಾದ ಆ ಸಂದಿಯಲ್ಲಿ ಜಾರಿ ಇಳಿಯಬಲ್ಲದ್ದು ದಾರ ಮಾತ್ರ. ವಯಸ್ಸಾದಂತೆ, ಅಥವಾ ವಸಡಿನ ಕಾಯಿಲೆಯಿಂದ ಮೂಳೆ ಕರಗಿದಂತೆ, ಆ ಮೊನೆ ಕೆಳಕ್ಕಿಳಿಯುತ್ತದೆ. ಹಲ್ಲುಗಳು ತುದಿಯಲ್ಲಿ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಬುಡದಲ್ಲಿ ಮಾತ್ರ ತ್ರಿಕೋನಾಕಾರದ ಕಪ್ಪು ಕಿಂಡಿ ಕಾಣತೊಡಗುತ್ತದೆ. ಕನ್ನಡಿಯ ಮುಂದೆ ನಿಂತು ಕೆನ್ನೆಯನ್ನು ಬೆರಳಿನಿಂದ ಸರಿಸಿದರೆ ಯಾರಿಗಾದರೂ ಇದು ಕಾಣುತ್ತದೆ.

ಆ ಕಿಂಡಿಯಲ್ಲಿ ಈಗ ಹೊರಬಿದ್ದಿರುವುದು ಹಲ್ಲಿನ ಬೇರು. ಬೇರಿನ ಬದಿ ಎಲ್ಲ ಕಡೆ ಉಬ್ಬಿ ನುಣುಪಾಗಿರುವುದಿಲ್ಲ. ದವಡೆ ಹಲ್ಲುಗಳ ಬೇರಿನಲ್ಲಿ ಉದ್ದುದ್ದ ತಗ್ಗುಗಳಿರುತ್ತವೆ. ಮೇಲ್ದವಡೆಯಲ್ಲಿ ಕೋರೆಹಲ್ಲಿನ ಬೆನ್ನಿಗಿರುವ ಹಲ್ಲನ್ನೇ ನೋಡಿ: ಕೋರೆಯ ಕಡೆಗಿರುವ ಅದರ ಬದಿಯಲ್ಲಿ ಒಂದು ತಗ್ಗು ಎದ್ದು ಕಾಣುವಷ್ಟು ಆಳವಾಗಿರುತ್ತದೆ. ದಾರವನ್ನು ಎಷ್ಟೇ ಬಿಗಿಯಾಗಿ ಸುತ್ತಿ ಎಳೆದರೂ ಅದು ತಗ್ಗಿನ ಎರಡು ದಂಡೆಗಳ ಮೇಲೆ ನೇರವಾಗಿ ನಿಲ್ಲುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಒರಳಿನ ಬಾಯಿಗೆ ಅಡ್ಡಲಾಗಿ ಹಗ್ಗ ಎಳೆದಾಡಿದರೆ ಅದರ ತಳ ಸ್ವಚ್ಛವಾಗದು, ಇದೂ ಹಾಗೆಯೇ. ಬ್ರಷ್ಷಿನ ಎಳೆಗಳಾದರೋ ಬಾಗಿ ಆ ತಗ್ಗಿನೊಳಗೆ ಹೋಗುತ್ತವೆ. ಪ್ರತಿರಾತ್ರಿ ತಪ್ಪದೆ ಫ್ಲಾಸ್ ಮಾಡುವವರ ಅಗಲ ಸಂದಿಗಳಲ್ಲೂ ಗಾರೆ ಕಟ್ಟಿ ರಕ್ತ ಬರುವುದಕ್ಕೆ ಇದೊಂದು ಕಾರಣ. ಅವರು ಸೋಮಾರಿಗಳಲ್ಲ, ಸಾಧನ ಆ ಜಾಗದ್ದಲ್ಲ.

ಸಂಶೋಧನೆಯ ಮಾತನ್ನೂ ಅಳತೆ ಮೀರದೆ ಹೇಳಬೇಕು. 2019ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯು 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬರೀ ಬ್ರಷ್ ಮಾಡುವುದಕ್ಕಿಂತ ಜೊತೆಗೆ ಫ್ಲಾಸನ್ನೋ ಸಂದಿಯ ಬ್ರಷ್ಷನ್ನೋ ಬಳಸಿದರೆ ವಸಡಿನ ಉರಿಯೂತ ಕಡಿಮೆಯಾಗಬಹುದು, ಎರಡರಲ್ಲಿ ಬ್ರಷ್ಷಿನ ಫಲ ಹೆಚ್ಚಿರಬಹುದು ಎಂಬುದು ಅದರ ತೀರ್ಮಾನ. ಪುರಾವೆಯ ಬಲ ಕಡಿಮೆ ಎಂದೂ ಅದೇ ವಿಮರ್ಶೆ ಹೇಳಿದೆ. ಹಾಗಾಗಿ ಬಿಗಿ ಸಂದಿಯವರು ಫ್ಲಾಸನ್ನು ಎಸೆಯಬೇಕಾಗಿಲ್ಲ. ಕಿಂಡಿ ಬಿದ್ದವರು ಮಾತ್ರ ಬ್ರಷ್ಷಿಗೆ ಬದಲಾಗುವುದು ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬ್ರಷ್ ಕೊಳ್ಳುವಾಗ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಇವುಗಳ ಅಳತೆ 0ಯಿಂದ 8ರವರೆಗೆ ಇದೆ. ತಂತಿ ಬಾಗದಂತೆ ಬ್ರಷ್ ಎಷ್ಟು ಸಣ್ಣ ತೂತಿನಲ್ಲಿ ದಾಟಬಲ್ಲದು ಎಂಬುದೇ ಇಲ್ಲಿನ ಲೆಕ್ಕ. ಬಣ್ಣಗಳನ್ನು ಮಾತ್ರ ನಂಬಬೇಡಿ, ಒಂದು ಕಂಪನಿಯ ಕೆಂಪು ಇನ್ನೊಂದು ಕಂಪನಿಯ ಕೆಂಪಿಗೆ ಸಮವಲ್ಲ. ಸರಿಯಾದ ಅಳತೆಯನ್ನು ಕೈಯೇ ಹೇಳುತ್ತದೆ. ಎಳೆಗಳು ಎರಡೂ ಹಲ್ಲಿಗೆ ತಾಗಿ ಸ್ವಲ್ಪ ಬಿಗಿ ಅನ್ನಿಸಬೇಕು, ತಂತಿ ಹಲ್ಲಿಗೆ ಕೆರೆಯಬಾರದು. ಯಾವ ತಡೆಯೂ ಇಲ್ಲದೆ ಸರಾಗವಾಗಿ ಓಡಾಡಿದರೆ ಅದು ಚಿಕ್ಕದು, ಅಂಥ ಬ್ರಷ್ ಏನನ್ನೂ ಉಜ್ಜುವುದಿಲ್ಲ. ಒತ್ತಿ ತೂರಿಸಬೇಕಾಗಿ ಬಂದರೆ ದೊಡ್ಡದು. ಒಂದೇ ಬಾಯಲ್ಲಿ ಮುಂಭಾಗಕ್ಕೆ ಒಂದು ಅಳತೆ, ದವಡೆಗೆ ಇನ್ನೊಂದು ಬೇಕಾಗುವುದು ಸಾಮಾನ್ಯ. ಮೊದಲ ಸಲ ದಂತವೈದ್ಯರ ಕುರ್ಚಿಯಲ್ಲೇ ಅಳತೆ ನೋಡಿಸಿಕೊಳ್ಳುವುದು ಲೇಸು.

ಬಳಸುವುದು ಕಷ್ಟವಲ್ಲ. ಪೇಸ್ಟ್ ಬೇಡ. ಕೆನ್ನೆಯ ಕಡೆಯಿಂದ, ವಸಡಿನ ಅಂಚಿಗೆ ಸಮನಾಗಿ ನೇರವಾಗಿ ಒಳಗೆ ಬಿಟ್ಟು, ನಾಲ್ಕಾರು ಸಲ ಹಿಂದೆ ಮುಂದೆ ಎಳೆದರೆ ಸಾಕು. ಹಿಂದಿನ ದವಡೆಗೆ ಹೋಗುವಾಗ ಬಾಯಿ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಕೈಗೆ ಜಾಗ ಸಿಗುತ್ತದೆ. ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಮಾಡಿ. ತೊಳೆದು ಒಣಗಲು ಇಟ್ಟರೆ ಅದೇ ಬ್ರಷ್ ಕೆಲವು ದಿನ ಬರುತ್ತದೆ. ಎಳೆ ಉದುರಿದರೆ, ತಂತಿ ಮುರಿದಂತೆ ಬಾಗಿದರೆ ಎಸೆಯಿರಿ. ಮೊದಲ ವಾರ ರಕ್ತ ಬರಬಹುದು. ಅಲ್ಲಿ ಮೊದಲೇ ಉರಿಯೂತವಿತ್ತು ಎಂಬುದಕ್ಕೆ ಅದು ಗುರುತು, ಬಿಡದೆ ಮಾಡಿದರೆ ಕಡಿಮೆಯಾಗುತ್ತದೆ. ಆಗ ಇನ್ನೊಂದು ಆತಂಕ ಶುರುವಾಗುತ್ತದೆ: "ಬ್ರಷ್ ಹಾಕಿ ಹಾಕಿ ಸಂದಿ ದೊಡ್ಡದಾಯಿತು." ಊದಿದ್ದ ವಸಡು ಇಳಿದದ್ದರಿಂದ ಸಂದಿ ಹಾಗೆ ಕಾಣುತ್ತದೆ. ಮುಂದಿನ ಅಳತೆಯ ಬ್ರಷ್ ಬೇಕಾಗಬಹುದು ಎಂಬುದಷ್ಟೇ ಅದರ ಅರ್ಥ.

ಈಗ ಬ್ರಿಡ್ಜ್ ಇರುವವರ ವಿಷಯ. ಇಲ್ಲಿ ಎರಡು ಸಾಧನವೂ ಬೇಕು. ಒಂದು ಬಾಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಅರವತ್ತರ ಆಸುಪಾಸಿನ ಒಬ್ಬ ತಾಯಿಗೆ ಬಲಗಡೆ ಕೆಳಗಿನ ಮೊದಲ ದವಡೆ ಹಲ್ಲು ಕೀಳಿಸಿಯಾಗಿದೆ. ಅದರ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಕ್ಯಾಪ್ ಹಾಕಿ, ನಡುವೆ ಒಂದು ಕಟ್ಟುಹಲ್ಲು ಸೇರಿಸಿ, ಮೂರನ್ನೂ ಒಂದೇ ತುಂಡಾಗಿ ಕೂರಿಸಿದ್ದಾರೆ. ಮೂರೂ ಬೆಸೆದುಕೊಂಡಿರುವುದರಿಂದ ಮೇಲಿನಿಂದ ದಾರ ಇಳಿಯುವುದಿಲ್ಲ. ಅಷ್ಟಕ್ಕೇ ಅವರು ಆ ಭಾಗವನ್ನು ಬಿಟ್ಟುಬಿಡುತ್ತಾರೆ. ಕಟ್ಟಿಸಿದ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲವಲ್ಲ ಎಂಬ ನಂಬಿಕೆ ಬೇರೆ.

ಕ್ಯಾಪಿಗೆ ಹುಳುಕು ಹಿಡಿಯದು, ನಿಜ. ಒಳಗಿರುವ ಸ್ವಂತ ಹಲ್ಲಿಗೆ ಹಿಡಿಯುತ್ತದೆ. ಕ್ಯಾಪಿನ ಅಂಚು ವಸಡಿನ ಹತ್ತಿರ ಹಲ್ಲನ್ನು ಸೇರುವ ಗೆರೆಯಲ್ಲಿ ಪ್ಲಾಕ್ ಕೂತರೆ ಅಲ್ಲಿಂದಲೇ ಕೊಳೆತ ಶುರುವಾಗುತ್ತದೆ. ಆ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿದ್ದರೆ ನರವಿಲ್ಲ, ಜುಂ ಅನ್ನುವುದೂ ಇಲ್ಲ, ಸದ್ದಿಲ್ಲದೆ ಹುಳುಕು ಒಳಗೊಳಗೇ ಸಾಗುತ್ತದೆ. ಗೊತ್ತಾಗುವುದು ಬ್ರಿಡ್ಜ್ ಅಲ್ಲಾಡಿದಾಗ. ಆಧಾರದ ಎರಡರಲ್ಲಿ ಒಂದು ಹಲ್ಲು ಹೋದರೂ ಮೂರೂ ಹೋದಂತೆ.

ಆ ತಾಯಿಯ ಬ್ರಿಡ್ಜಿನಲ್ಲಿ ಕಟ್ಟುಹಲ್ಲಿನ ಎರಡೂ ಮಗ್ಗುಲಲ್ಲಿ, ವಸಡಿನ ಬಳಿ, ಒಂದೊಂದು ಸಣ್ಣ ಕಿಂಡಿ ಇದೆ. ಈ ಎರಡು ಕಿಂಡಿಗಳು ಬ್ರಷ್ಷಿನ ಜಾಗ. ಬ್ರಷ್ಷನ್ನು ಒಳಗೆ ಬಿಟ್ಟು ಕ್ಯಾಪ್ ಇರುವ ಹಲ್ಲಿನ ಕಡೆಗೆ ಸ್ವಲ್ಪ ಒತ್ತಿ ಎಳೆದರೆ ಆ ಅಂಚಿನ ಗೆರೆ ಸ್ವಚ್ಛವಾಗುತ್ತದೆ. ಆದರೆ ಕಟ್ಟುಹಲ್ಲಿನ ಹೊಟ್ಟೆ ವಸಡನ್ನು ಹಗುರವಾಗಿ ಮುಟ್ಟಿಕೊಂಡಿರುತ್ತದೆ. ಅದರಡಿಗೆ ಬ್ರಷ್ ಹೋಗದು, ದಾರವೇ ಆಗಬೇಕು. ಅದಕ್ಕೆಂದೇ ಸೂಪರ್‌ಫ್ಲಾಸ್ ಎಂಬುದು ಸಿಗುತ್ತದೆ. ಅದರ ಒಂದು ತುದಿ ಸೂಜಿಯಂತೆ ಗಡುಸು, ನಡುಭಾಗ ಸ್ಪಂಜಿನಂತೆ ಮೆತ್ತಗೆ, ಉಳಿದದ್ದು ಮಾಮೂಲಿ ದಾರ. ಗಡುಸು ತುದಿಯನ್ನು ಕೆನ್ನೆಯ ಕಡೆಯಿಂದ ಕಿಂಡಿಯೊಳಗೆ ತೂರಿಸಿ ನಾಲಿಗೆಯ ಕಡೆಗೆ ಎಳೆದುಕೊಳ್ಳಬೇಕು. ಮೆತ್ತನೆಯ ಭಾಗ ಕಟ್ಟುಹಲ್ಲಿನ ಅಡಿಗೆ ಬಂದಾಗ ಎರಡೂ ತುದಿ ಹಿಡಿದು ಅತ್ತಿತ್ತ ಆಡಿಸಬೇಕು. ಆಮೇಲೆ ಅದನ್ನೇ ಪಕ್ಕದ ಕ್ಯಾಪ್ ಹಲ್ಲಿನ ಮೈಗೆ ಬಳಸಿ, ವಸಡಿನ ಅಂಚಿನವರೆಗೆ ಮೇಲೆ ಕೆಳಗೆ ಉಜ್ಜಿ, ಒಂದು ತುದಿ ಬಿಟ್ಟು ಪಕ್ಕಕ್ಕೆ ಎಳೆದು ತೆಗೆಯಬೇಕು. ಇನ್ನೊಂದು ಕಿಂಡಿಯಿಂದಲೂ ಹೀಗೆಯೇ. ಸೂಪರ್‌ಫ್ಲಾಸ್ ಸಿಗದಿದ್ದರೆ ಫ್ಲಾಸ್ ಥ್ರೆಡರ್ ಎಂಬ ಪ್ಲಾಸ್ಟಿಕ್ ಕುಣಿಕೆಗೆ ಮಾಮೂಲಿ ದಾರ ಪೋಣಿಸಿ ಇದೇ ದಾರಿಯಲ್ಲಿ ಎಳೆಯಬಹುದು.

ಬ್ರಿಡ್ಜಿನ ಮುಂದಿರುವ ಹಲ್ಲು ಅದಕ್ಕೆ ಬೆಸೆದುಕೊಂಡಿಲ್ಲ. ಆ ಸಂದಿಗೆ ಹಳೆಯ ನಿಯಮವೇ: ಬಿಗಿಯಿದ್ದರೆ ಮೇಲಿನಿಂದ ಮಾಮೂಲಿ ಫ್ಲಾಸ್, ಕಿಂಡಿಯಿದ್ದರೆ ಬ್ರಷ್. ಎಲ್ಲಕ್ಕಿಂತ ಹಿಂದಿನ ಹಲ್ಲಿನ ಬೆನ್ನಿಗೆ ಒಂದೇ ಕುಚ್ಚಿನ ಸಣ್ಣ ಬ್ರಷ್ ಸಾಕು. ಕೈ ನಡುಗುವವರಿಗೆ, ಕಣ್ಣು ಮಂದವಾದವರಿಗೆ ದಾರ ಪೋಣಿಸುವುದು ದಿನವೂ ಆಗದ ಮಾತು. ಅಂಥವರು ಉದ್ದ ಹಿಡಿಯ ಬ್ರಷ್ಷಿನಿಂದ ಎರಡು ಕಿಂಡಿಗಳನ್ನು ದಿನವೂ ಬಿಡದೆ ನೋಡಿಕೊಂಡು, ಕಟ್ಟುಹಲ್ಲಿನ ಅಡಿಗೆ ಮನೆಯವರ ಸಹಾಯದಿಂದ ಆದಾಗ ದಾರ ಎಳೆದರೂ ಎಷ್ಟೋ ವಾಸಿ.

ಎರಡೂ ಸಾಧನ ಕೆಲಸಕ್ಕೆ ಬಾರದ ಸಂದಿಗಳೂ ಇವೆ. ಹುಟ್ಟಿನಿಂದಲೇ ಮುಂದಿನ ಹಲ್ಲುಗಳ ನಡುವೆ ದೊಡ್ಡ ಬಿರುಕಿದ್ದು ವಸಡು ಆರೋಗ್ಯವಾಗಿದ್ದರೆ ಅಲ್ಲಿಗೆ ಮಾಮೂಲಿ ಬ್ರಷ್ಷಿನ ತುದಿಯೇ ಮುಟ್ಟುತ್ತದೆ. ಇದ್ದಕ್ಕಿದ್ದಂತೆ ಒಂದೇ ಜಾಗದಲ್ಲಿ ಊಟ ಸಿಕ್ಕಿಕೊಳ್ಳತೊಡಗಿದರೆ ಫಿಲ್ಲಿಂಗ್ ಮುರಿದಿರಬಹುದು, ಹಲ್ಲು ಸರಿದಿರಬಹುದು. ಅದನ್ನು ದಂತವೈದ್ಯರೇ ಸರಿಪಡಿಸಬೇಕು, ದಿನವೂ ಕೆದಕಿ ತೆಗೆಯುತ್ತಾ ಕೂತರೆ ತಡವಾಗುತ್ತದೆ.

ಬ್ರಿಡ್ಜಿನ ಅಡಿಯಿಂದ ತೆಗೆದ ದಾರವನ್ನು ಎಸೆಯುವ ಮುನ್ನ ಒಮ್ಮೆ ನೋಡಿ, ಒಮ್ಮೆ ಮೂಸಿ. ಪ್ರತಿಸಲ ಒಂದೇ ಜಾಗದಲ್ಲಿ ದಾರ ಎಳೆ ಎಳೆಯಾಗಿ ಹರಿದು ಬರುತ್ತಿದ್ದರೆ ಅಲ್ಲಿ ಗಾರೆ ಕಟ್ಟಿರಬಹುದು, ಇಲ್ಲವೇ ಕ್ಯಾಪಿನ ಅಂಚು ಬಿಟ್ಟುಕೊಂಡಿರಬಹುದು. ಎರಡು ವಾರ ಸರಿಯಾಗಿ ಸ್ವಚ್ಛ ಮಾಡಿದ ಮೇಲೂ ದುರ್ವಾಸನೆ ಹೋಗದಿದ್ದರೆ, ರಕ್ತ ನಿಲ್ಲದಿದ್ದರೆ, ನೋವು ಬರುವವರೆಗೆ ಕಾಯದೆ ದಂತವೈದ್ಯರಿಗೆ ತೋರಿಸಿ.