ನೀರು ಹೆಚ್ಚು ಕುಡಿಯುವ ನಾಯಿ, ತೆಳ್ಳಗಿನ ಮೂತ್ರ

ಏಪ್ರಿಲ್ ತಿಂಗಳ ಬಿಸಿಲಿಗೆ ಸವದತ್ತಿ, ರಾಮದುರ್ಗದ ಕಡೆ ನಾಯಿಗಳು ನೀರಿನ ದೋಣಿ ಬಿಟ್ಟು ಕದಲುವುದಿಲ್ಲ. "ಡಾಕ್ಟ್ರ, ನಾಯಿ ಭಾಳ ನೀರ್ ಕುಡೀತೈತ್ರಿ" ಎಂದು ಯಾರಾದರೂ ಪಶು ಆಸ್ಪತ್ರೆಗೆ ಬಂದರೆ, ಬೇಸಿಗೆಯಲ್ಲವೇ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಸೆಕೆಗೆ ಕುಡಿಯುವ ನಾಯಿಯನ್ನೂ ಕಾಯಿಲೆಗೆ ಕುಡಿಯುವ ನಾಯಿಯನ್ನೂ ಬೇರ್ಪಡಿಸಲು ಕೆಲವು ಹನಿ ಮೂತ್ರ ಸಾಕು. ಸೆಕೆಗೆ ಕುಡಿಯುವ ನಾಯಿ ಏದುಸಿರಿನಲ್ಲಿ ನೀರು ಕಳೆದುಕೊಂಡಿರುತ್ತದೆ. ಹಾಗಾಗಿ ಅದರ ಮೂತ್ರಪಿಂಡ ಉಳಿದ ನೀರನ್ನು ಬಿಗಿಹಿಡಿಯುತ್ತದೆ, ಮೂತ್ರ ಕಡುಹಳದಿಯಾಗಿ ಗಟ್ಟಿಯಾಗುತ್ತದೆ. ಕಾಯಿಲೆಯ ನಾಯಿಯಲ್ಲಿ ಹೆಚ್ಚಿನ ಸಲ ನೀರು ಮೊದಲು ಮೂತ್ರದಲ್ಲಿ ಹೋಗಿರುತ್ತದೆ, ಬಾಯಾರಿಕೆ ಅದರ ಹಿಂದೆ ಬರುತ್ತದೆ. ಅದು ಎಷ್ಟು ಕುಡಿದರೂ ಮೂತ್ರ ನೀರಿನಂತೆಯೇ ಇರುತ್ತದೆ.

ಈ ಗಟ್ಟಿತನವನ್ನು ಅಳೆಯುವ ಲೆಕ್ಕಕ್ಕೆ ಸಾಪೇಕ್ಷ ಸಾಂದ್ರತೆ ಎನ್ನುತ್ತಾರೆ. ಶುದ್ಧ ನೀರಿನದು 1.000. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವುದೂ ಇದೇ ತತ್ತ್ವದ ಮೇಲೆ. ನಾಯಿಯ ಮೂತ್ರಕ್ಕೆ ರಿಫ್ರ್ಯಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣ ಬಳಸುತ್ತಾರೆ. ಗಾಜಿನ ಮೇಲೆ ಒಂದೆರಡು ಹನಿ ಹಾಕಿ, ಮುಚ್ಚಳ ಇಳಿಸಿ, ಬೆಳಕಿನ ಕಡೆ ಹಿಡಿದು ನೋಡಿದರೆ ಕಪ್ಪು-ಬಿಳುಪಿನ ಗೆರೆ ಯಾವ ಅಂಕಿಯ ಮೇಲಿದೆಯೋ ಅದೇ ಉತ್ತರ. ಅದಕ್ಕೂ ಮೊದಲು ಡಿಸ್ಟಿಲ್ಡ್ ನೀರು ಹಾಕಿ ಗೆರೆ 1.000ಕ್ಕೆ ಕೂರುತ್ತದೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಲವಣ ಇರುವುದರಿಂದ ಅದು ಇದಕ್ಕೆ ಆಗದು. ಮೂತ್ರ ಪರೀಕ್ಷೆಯ ಬಣ್ಣದ ಪಟ್ಟಿಯಲ್ಲೂ ಸಾಂದ್ರತೆಗೆ ಒಂದು ಚೌಕವಿರುತ್ತದೆ. ನಾಯಿಯ ವಿಷಯದಲ್ಲಿ ಅದನ್ನು ನಂಬಬಾರದು. ಸಕ್ಕರೆ ನೋಡಲು ಮಾತ್ರ ಆ ಪಟ್ಟಿ ಬೇಕೇ ಬೇಕು, ಏಕೆಂದರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಅಂಕಿ ಸುಳ್ಳಾಗಿ ಮೇಲೇರುತ್ತದೆ. ಸಿಹಿಮೂತ್ರದ ನಾಯಿ ಲೀಟರ್‌ಗಟ್ಟಲೆ ಮೂತ್ರ ಹೊಯ್ಯುತ್ತಿದ್ದರೂ ರಿಫ್ರ್ಯಾಕ್ಟೋಮೀಟರ್ ಚೆನ್ನಾದ ಅಂಕಿಯನ್ನೇ ತೋರಿಸಬಹುದು.

ಅಂಕಿಯನ್ನು ಓದುವುದು ಹೇಗೆ? ರಕ್ತವು ಮೂತ್ರಪಿಂಡದಲ್ಲಿ ಸೋಸಿ ಬಂದ ತಕ್ಷಣದ ದ್ರವದ ಸಾಂದ್ರತೆ ಸುಮಾರು 1.008ರಿಂದ 1.012. ಮೂತ್ರಪಿಂಡದ ಸಣ್ಣ ನಾಳಗಳು ಅಲ್ಲಿಂದ ಕೆಲಸ ಶುರುಮಾಡುತ್ತವೆ. ನೀರನ್ನು ಮರಳಿ ಹೀರಿಕೊಂಡರೆ ಅಂಕಿ ಏರುತ್ತದೆ, ಲವಣವನ್ನಷ್ಟೇ ಎಳೆದುಕೊಂಡು ನೀರನ್ನು ಬಿಟ್ಟುಕೊಟ್ಟರೆ ಇಳಿಯುತ್ತದೆ. ನೀರು ಬೇಕಾದ ನಾಯಿಯಲ್ಲಿ 1.030ಕ್ಕಿಂತ ಮೇಲಿದ್ದರೆ ಮೂತ್ರಪಿಂಡ ತನ್ನ ಕೆಲಸ ಮಾಡುತ್ತಿದೆ ಎನ್ನಬಹುದು. ಅಂಕಿ ಸದಾ 1.008-1.012ರ ನಡುವೆ ಅಂಟಿಕೊಂಡಿದ್ದರೆ ನಾಳಗಳು ದ್ರವವನ್ನು ಗಟ್ಟಿಯನ್ನೂ ಮಾಡಿಲ್ಲ, ತೆಳುವನ್ನೂ ಮಾಡಿಲ್ಲ. ಜೊತೆಗೆ ರಕ್ತದ ಕ್ರಿಯಾಟಿನಿನ್ ಏರಿದ್ದರೆ ಮೂತ್ರಪಿಂಡವೇ ಸೋಲುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಮೂತ್ರಪಿಂಡದ ಸುಮಾರು ಮೂರನೇ ಎರಡು ಭಾಗ ಹಾಳಾದಾಗಲೇ ಗಟ್ಟಿಮಾಡುವ ಶಕ್ತಿ ಕುಂದುತ್ತದೆ. ಕ್ರಿಯಾಟಿನಿನ್ ಏರುವುದು ಸುಮಾರು ಮುಕ್ಕಾಲು ಭಾಗ ಹೋದ ಮೇಲೆ. ಆದ್ದರಿಂದ ರಕ್ತ ಪರೀಕ್ಷೆ ಸರಿ ಬಂದಿದೆ ಎಂದು ತೆಳು ಮೂತ್ರವನ್ನು ಕಡೆಗಣಿಸುವುದು ತಪ್ಪು.

ಇನ್ನು 1.008ಕ್ಕಿಂತ ಕೆಳಗಿನ ಅಂಕಿ. ಇದನ್ನು ಕಂಡೊಡನೆ ಕಿಡ್ನಿ ಹೋಗಿದೆ ಎಂದು ಕೈಚೆಲ್ಲುವವರಿದ್ದಾರೆ. ನಿಜಸ್ಥಿತಿ ಬೇರೆ. ಮೂತ್ರವನ್ನು ಅಷ್ಟು ತೆಳುವಾಗಿಸಲೂ ನಾಳಗಳು ದುಡಿಯಬೇಕು, ಪೂರ್ತಿ ಸೋತ ಮೂತ್ರಪಿಂಡಕ್ಕೆ ಅದು ಆಗದ ಕೆಲಸ. ಮಿದುಳು ಕಳಿಸುವ, ನೀರು ಉಳಿಸುವ ಎಡಿಎಚ್ ಹಾರ್ಮೋನು ಬರುತ್ತಿಲ್ಲ, ಅಥವಾ ಬಂದರೂ ನಾಳಗಳು ಅದಕ್ಕೆ ಓಗೊಡುತ್ತಿಲ್ಲ, ಇಲ್ಲವೇ ನಾಯಿ ಸುಮ್ಮನೆ ವಿಪರೀತ ಕುಡಿಯುತ್ತಿದೆ ಎಂದು ಇದರರ್ಥ. ಕೆರೆತಕ್ಕೆ ಪದೇಪದೇ ಕೊಡಿಸಿದ ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಹೀಗೆ ಮಾಡುತ್ತದೆ. ಅದಕ್ಕೇ ಹಿಂದಿನ ಔಷಧಿ ಚೀಟಿಗಳನ್ನು ತಪ್ಪದೆ ತರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಮದುರ್ಗ ತಾಲ್ಲೂಕಿನ ಒಂದು ತೋಟದ ಮನೆ. ಪಕ್ಕದ ಮುಧೋಳ ಸೀಮೆಯಿಂದ ತಂದ ಮುಧೋಳ ನಾಯಿ, ಹೆಣ್ಣು, ಏಳು ವರ್ಷ, ತೂಕ 22 ಕೆಜಿ, ಸಂತಾನಹರಣ ಆಗಿಲ್ಲ. ಹದಿನೈದು ದಿನದಿಂದ ನೀರು ಹೆಚ್ಚು, ಊಟ ಕಡಿಮೆ, ರಾತ್ರಿ ಪಡಸಾಲೆಯಲ್ಲೇ ಉಚ್ಚೆ. ಮನೆಯವರು ಮೊದಲು ಮಾಡಬೇಕಾದ್ದು ಅಳತೆ. ಬೆಳಿಗ್ಗೆ 5 ಲೀಟರ್ ನೀರಿಟ್ಟು, ಕೋಳಿ-ಆಡು ಬಾಯಿ ಹಾಕದಂತೆ ನೋಡಿಕೊಂಡು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದರೆ 1.7 ಲೀಟರ್. ಅಂದರೆ ಕುಡಿದದ್ದು 3.3 ಲೀಟರ್, ಒಂದು ಕೆಜಿ ತೂಕಕ್ಕೆ 150 ಮಿಲಿ. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ ಅತಿಯೆಂದು ಲೆಕ್ಕ, ಈ ನಾಯಿಗೆ ಆ ಗಡಿ 2.2 ಲೀಟರ್. ಅನುಮಾನಕ್ಕೆ ಎಡೆಯಿಲ್ಲ.

ಬೆಳಗಿನ ಮೊದಲ ಮೂತ್ರವನ್ನು ತೊಳೆದು ಒಣಗಿಸಿದ ಬಟ್ಟಲಿನಲ್ಲಿ ಹಿಡಿದು ತಂದರು. ಅಂಕಿ 1.006. ಮರುದಿನ 1.005. ಒಂದೇ ಅಂಕಿಯಿಂದ ತೀರ್ಮಾನಿಸಬಾರದು, ಆರೋಗ್ಯವಂತ ನಾಯಿಯೂ ಹೊಟ್ಟೆ ತುಂಬ ನೀರು ಕುಡಿದ ಮೇಲೆ ತೆಳ್ಳಗೇ ಹೊಯ್ಯುತ್ತದೆ. ಎರಡೂ ಬೆಳಗಿನ ಮೂತ್ರ ತೆಳುವಾಗಿದ್ದು, ಸಕ್ಕರೆ ಇಲ್ಲದೆ, ಕ್ರಿಯಾಟಿನಿನ್ ಮಾಮೂಲಿ ಮಟ್ಟದಲ್ಲೇ ಇರುವಾಗ ಮೂತ್ರಪಿಂಡವನ್ನು ಬಿಟ್ಟು ಬೇರೆಡೆ ಹುಡುಕಬೇಕು. ವೈದ್ಯರು ಕೇಳುವ ಮುಂದಿನ ಪ್ರಶ್ನೆ: ಬೆದೆ ಮುಗಿದು ಎಷ್ಟು ದಿನವಾಯಿತು? ಸುಮಾರು ಆರು ವಾರ ಎಂಬ ಉತ್ತರ ಬಂದರೆ ಗರ್ಭಕೋಶದಲ್ಲಿ ಕೀವು ತುಂಬಿದೆಯೇ ಎಂದು ನೋಡಲೇಬೇಕು. ಹೊರಗೆ ಸೋರದೆ ಒಳಗೇ ನಿಂತ ಕೀವು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಬೆಳೆಯುವ ಇ. ಕೋಲೈ ಬ್ಯಾಕ್ಟೀರಿಯಾದ ವಿಷ ಎಡಿಎಚ್ ಹಾರ್ಮೋನು ಮೂತ್ರಪಿಂಡದ ಮೇಲೆ ಮಾಡುವ ಕೆಲಸಕ್ಕೆ ಅಡ್ಡಬರುತ್ತದೆ. ನಾಯಿ ನೀರಿನಂತೆ ಮೂತ್ರ ಹೊಯ್ಯುವುದು, ಮತ್ತೆ ಮತ್ತೆ ಕುಡಿಯುವುದು ಈ ಕಾರಣಕ್ಕೆ. ಇಂಥ ಅನುಮಾನವಿದ್ದಾಗ ಹೊಟ್ಟೆಗೆ ಸೂಜಿ ಚುಚ್ಚಿ ಮೂತ್ರ ತೆಗೆಯಬಾರದು, ಉಬ್ಬಿದ ಗರ್ಭಕೋಶಕ್ಕೆ ಸೂಜಿ ತಗುಲಿದರೆ ಕೀವು ಹೊಟ್ಟೆಯೊಳಗೆ ಚೆಲ್ಲಬಹುದು.

ಸ್ಕ್ಯಾನಿಂಗ್‌ನಲ್ಲಿ ಕೀವು ಕಂಡರೆ, ಗರ್ಭಕೋಶ ಮತ್ತು ಅಂಡಾಶಯ ತೆಗೆಯುವ ಶಸ್ತ್ರಚಿಕಿತ್ಸೆಯೇ ನಿಶ್ಚಿತ ಪರಿಹಾರ. ತಡಮಾಡುವಂತಿಲ್ಲ. ನಂಜು ಇಳಿದ ಮೇಲೆ ಗಟ್ಟಿಮಾಡುವ ಶಕ್ತಿ ಸಾಮಾನ್ಯವಾಗಿ ಮರಳುತ್ತದೆ. ಕೆಲವು ವಾರದ ನಂತರ ಬೆಳಗಿನ ಮೂತ್ರ ಮತ್ತೆ ನೋಡಿದಾಗ 1.030 ದಾಟಿದ್ದರೆ ಚಿಂತೆಯಿಲ್ಲ. ಆಗಲೂ 1.010ರ ಆಸುಪಾಸಿನಲ್ಲೇ ನಿಂತಿದ್ದರೆ ಮೂತ್ರಪಿಂಡಕ್ಕೆ ಏಟಾಗಿದೆಯೇ ಎಂದು ರಕ್ತವನ್ನು ಮತ್ತೆ ಪರೀಕ್ಷಿಸಬೇಕು.

ಮೂತ್ರವನ್ನು ಯಾವಾಗ ಹಿಡಿಯುತ್ತೇವೆ ಎಂಬುದೂ ಮುಖ್ಯ. ಸುಸ್ತಾದ ನಾಯಿಗೆ ಮೊದಲು ಸಲೈನ್ ಏರಿಸಿ, ಆಮೇಲೆ ಮೂತ್ರ ಹಿಡಿದರೆ ಬರುವ ತೆಳು ಅಂಕಿ ಸಲೈನಿನದೋ ರೋಗದ್ದೋ ಹೇಳಲಾಗದು. ಮೂತ್ರ ಇಳಿಸುವ ಇಂಜೆಕ್ಷನ್ ಕೊಟ್ಟ ಮೇಲೂ ಅಷ್ಟೇ. ಸೂಜಿ ಚುಚ್ಚುವ ಮುನ್ನ ಸಿಕ್ಕ ಒಂದು ಚಮಚ ಮೂತ್ರಕ್ಕೆ ಬೆಲೆ ಹೆಚ್ಚು.

ಬೈಲಹೊಂಗಲದ ಪೇಟೆಯಿರಲಿ, ಕಿತ್ತೂರಿನ ಹಳ್ಳಿಯಿರಲಿ, ನಾಯಿ ರಾತ್ರಿ ಮನೆಯೊಳಗೆ ಹೊಯ್ಯುತ್ತದೆಂದು ಸಂಜೆಗೇ ನೀರಿನ ಬಟ್ಟಲು ಎತ್ತಿಡುವವರು ಇದ್ದೇ ಇರುತ್ತಾರೆ. ನೀರು ಉಳಿಸಿಕೊಳ್ಳಲಾರದ ನಾಯಿ ನೀರಿಲ್ಲದಿದ್ದರೂ ಹೊಯ್ಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅದರ ಮೈಯ ನೀರು ಅಪಾಯದ ಮಟ್ಟಕ್ಕೆ ಇಳಿದಿರಬಹುದು. ದಯವಿಟ್ಟು ಬಟ್ಟಲು ಅಲ್ಲೇ ಇರಲಿ. ಕುಡಿದದ್ದನ್ನು ಅಳೆದು ಬರೆದಿಟ್ಟುಕೊಂಡು, ಬೆಳಗಿನ ಮೂತ್ರ ಹಿಡಿದು, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.