ತಗಡು ಮಡಿಸಿದರೆ ಬೆಳೆಯುತ್ತದೆ

ಮಾಮೂಲ್‌ಪೇಟೆಗೆ ನಾನು ಹೋದದ್ದು ಒಂದು ಪೆನ್ಸಿಲ್ ನೋಡಲು. ತಗಡಿನ ಕೆಲಸದವರೆಲ್ಲ ಉಕ್ಕಿನ ಮೊನೆಯಲ್ಲಿ ಗೆರೆ ಗೀಚುವಾಗ, ಇಲ್ಲೊಬ್ಬ ಹಿರಿಯರು ಇವತ್ತಿಗೂ ಪೆನ್ಸಿಲಿನಲ್ಲಿ ಎಳೆಯುತ್ತಾರೆ ಎಂದು ಗೆಳೆಯನೊಬ್ಬ ಹೇಳಿದ್ದ. ಸಗಟು ಅಂಗಡಿಗಳ ಸಂದಿಯಲ್ಲಿ ತಲೆಹೊರೆಯವರಿಗೆ ದಾರಿ ಬಿಡುತ್ತ ಆ ಸಣ್ಣ ಮಳಿಗೆ ತಲುಪಿದೆ. ಪೆನ್ಸಿಲ್ ಅವರ ಕಿವಿಯ ಮೇಲಿತ್ತು.

"ಕತ್ತರಿಸೋ ಗೆರೆ ಗೀಚಪ್ಪ, ತಪ್ಪಿಲ್ಲ. ಮಡಿಸೋ ಗೆರೆ ಗೀಚಬಾರದು. ಗೀಚಿದ ಕಡೆಯೇ ಬಿರುಕು ಬಿಡೋದು" ಎಂದರು ಯಜಮಾನರು. ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಕಲಿತ ಶಿಸ್ತಂತೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದೊಂದಿಗೆ 1940ರಲ್ಲಿ ಕಟ್ಟಿದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ವಿಮಾನ ದುರಸ್ತಿ, ಆಮೇಲೆ ರೈಲು ಬೋಗಿ, 1951ರಲ್ಲಿ ಹಾರಿದ ಎಚ್‌ಟಿ-2. ಈ ಇತಿಹಾಸವನ್ನು ಅವರು ಎರಡು ನಿಮಿಷದಲ್ಲಿ ಮುಗಿಸಿ ಒಂದು ತಗಡಿನ ಪಟ್ಟಿ ಎತ್ತಿಕೊಂಡರು. ಅದರ ಮೇಲೆ ಒಂದು ಗಂಟೆ ಮಾತಾಡಿದರು.

ಮಡಿಸಿ ಮಾಡುವ ವಸ್ತುವನ್ನು ಬಿಡಿಸಿ ಹಾಸಿದರೆ ಎಷ್ಟು ಉದ್ದ, ಯಾವ ಆಕಾರ? ಅದಕ್ಕೆ ಕಾರ್ಖಾನೆಯ ಮಾತಿನಲ್ಲಿ 'ಡೆವಲಪ್‌ಮೆಂಟ್' ಎನ್ನುತ್ತಾರೆ. ಕೆಲಸ ಗೆಲ್ಲುವುದೂ ಕೆಡುವುದೂ ಅಲ್ಲೇ. ಮಿಠಾಯಿ ಡಬ್ಬದ ರಟ್ಟನ್ನು ಬಿಡಿಸಿದರೆ ಅಳತೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ತಗಡು ಹಾಗಲ್ಲ, ಅದಕ್ಕೆ ದಪ್ಪ ಇದೆ.

ಯಜಮಾನರು 14 ಗೇಜಿನ, ಅಂದರೆ 2 ಮಿ.ಮೀ. ದಪ್ಪದ ಕಬ್ಬಿಣದ ತಗಡಿನಿಂದ ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ನಡುವೆ ಲಂಬಕೋನಕ್ಕೆ ಮಡಿಸಿದರು. ಎರಡೂ ಕಾಲುಗಳನ್ನು ಹೊರಗಿನಿಂದ ವರ್ನಿಯರ್‌ನಲ್ಲಿ ಅಳೆಯಲು ನನಗೇ ಕೊಟ್ಟರು. ಕೂಡಿದರೆ 103.75! "ಮೂರೂಮುಕ್ಕಾಲು ಎಲ್ಲಿಂದ ಬಂತು?" ನಾನು ತಬ್ಬಿಬ್ಬಾದೆ. ಅವರು ಬಾಗಿಲ ಹೊರಗೆ ಕೈ ತೋರಿದರು. "ಆ ತಿರುವು ನೋಡು. ಯಾರಾದರೂ ಮೂಲೆತನಕ ಹೋಗಿ ತಿರುಗ್ತಾರಾ? ಓರೆ ಹೊಡೆದೇ ಹೋಗೋದು. ತಗಡೂ ಹಾಗೇ." ನಾವು ಅಳೆಯುವುದು ಚೂಪಾದ ಮೂಲೆಯವರೆಗೆ, ತಗಡು ಸಾಗುವುದು ದುಂಡಗಿನ ಒಳದಾರಿಯಲ್ಲಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎರಡೂ ಆಗದ ಗೆರೆಯೊಂದು ದಪ್ಪದ ನಡುವಿಗಿಂತ ತುಸು ಒಳಗಿರುತ್ತದೆ. ಕಂಪ್ಯೂಟರಿನವರು 'ಕೆ-ಫ್ಯಾಕ್ಟರ್' ಎನ್ನುವುದು ಆ ಗೆರೆಯ ಜಾಗವನ್ನು.

ಹಾಗಾದರೆ 100 ಮಿ.ಮೀ. ತಳ, ಅಕ್ಕಪಕ್ಕ 50ರ ಎರಡು ಫ್ಲ್ಯಾಂಜ್ ಇರುವ ಟ್ರೇ ಬೇಕೆಂದರೆ? ಕೂಡಿದರೆ 200. ಎರಡು ಮಡಿಕೆಗೆ 3.75ರಂತೆ 7.5 ಕಳೆದರೆ 192.5. ಕತ್ತರಿಸಬೇಕಾದ್ದು ಅಷ್ಟೇ. ಮಡಿಕೆಯ ಗೆರೆ ಎರಡೂ ಅಂಚಿನಿಂದ 48.1ರ ಆಸುಪಾಸಿನಲ್ಲಿ.

ಇಷ್ಟೇನಾ ಎಂದುಕೊಂಡರೆ ನನ್ನ ಗೆಳೆಯನ ಕಥೆ ಬೇರೆ. ಇದೇ ಲೆಕ್ಕದಲ್ಲಿ ಲೇಸರಿನಲ್ಲಿ ಕತ್ತರಿಸಿದ ತುಂಡುಗಳನ್ನು ಆತ ಇನ್ನೊಂದು ವರ್ಕ್‌ಶಾಪಿನಲ್ಲಿ ಮಡಿಸಿದ. ತಳ 100ರ ಬದಲು 100.6 ಬಂತು, ಮುಚ್ಚಳ ಕೂರಲಿಲ್ಲ. ಲೆಕ್ಕ ತಪ್ಪಿರಲಿಲ್ಲ, ಡೈ ಬದಲಾಗಿತ್ತು. ತಗಡಿನ ಕೆಳಗಿರುವ ವಿ ಆಕಾರದ ಅಚ್ಚಿನ ಬಾಯಿ ದಪ್ಪದ ಎಂಟರಷ್ಟು, ಇಲ್ಲಿ 16 ಮಿ.ಮೀ. ಇರುವುದು ರೂಢಿ. ಅಲ್ಲಿ 24ರ ಡೈ ಹಾಕಿದ್ದರು. ಬಾಯಿ ಅಗಲವಾದರೆ ಮಡಿಕೆ ಇನ್ನಷ್ಟು ದುಂಡಗಾಗುತ್ತದೆ, ಓರೆದಾರಿ ಇನ್ನೂ ಹತ್ತಿರವಾಗುತ್ತದೆ, ಕಳೆಯಬೇಕಾದ್ದು 3.75 ಅಲ್ಲ, 4.3 ಆಗುತ್ತದೆ. ಕತ್ತರಿಸಿದ ಮೇಲೆ ಇದಕ್ಕೆ ಮದ್ದಿಲ್ಲ. ಚಿಕ್ಕ ಡೈಗೆ ಒಂದು ಲಾಭವೂ ಉಂಟು. 16ರ ಡೈನಲ್ಲಿ ಫ್ಲ್ಯಾಂಜ್ 11–12 ಮಿ.ಮೀ.ಗಿಂತ ಗಿಡ್ಡವಾದರೆ ಅಂಚು ಬಾಯೊಳಗೆ ಜಾರುತ್ತದೆ, ಅಂಥ ಕೆಲಸಕ್ಕೆ ಸಣ್ಣ ಬಾಯಿಯೇ ಬೇಕು.

ಮಡಿಸಿ ಬಿಟ್ಟ ತಗಡು ತುಸು ಹಿಂದಕ್ಕೆ ಪುಟಿಯುವುದರಿಂದ 88ಕ್ಕೆ ಒತ್ತಿ 90 ಪಡೆಯುವ ಬಗೆ, ಗಟ್ಟಿ ಅಲ್ಯುಮಿನಿಯಂನಲ್ಲಿ ಮಡಿಕೆ ರೋಲಿನ ಗೆರೆಗಳಿಗೆ ಅಡ್ಡ ಬರುವಂತೆ ಹಾಸುವ ಬಗೆ, ಇವನ್ನೆಲ್ಲ ಅವರು ಹೇಳುತ್ತಲೇ ಹೋದರು. ನನ್ನ ಕಣ್ಣು ಅವರ ಎಣ್ಣೆ ಮೆತ್ತಿದ ನೋಟ್‌ಬುಕ್ಕಿನ ಮೇಲಿತ್ತು. ಪ್ರತಿ ಸಾಲಿನಲ್ಲೂ ಗೇಜು, ಲೋಹ, ಡೈ, ಕಳೆಯಬೇಕಾದ ಅಂಕಿ. ಎಲ್ಲವೂ ಪಟ್ಟಿ ಮಡಿಸಿ ಅಳೆದು ಬರೆದದ್ದು. ಸಾಫ್ಟ್‌ವೇರಿನಲ್ಲಿ ಮೊದಲೇ ತುಂಬಿರುವ ಅಂಕಿ ಯಾರದೋ ಡೈಯದ್ದು, ನಿಮ್ಮ ಡೈಯದ್ದಲ್ಲ ಎಂಬ ಅವರ ಮಾತನ್ನು ನಾನೂ ಒಪ್ಪುತ್ತೇನೆ.

ಮಗ ಬೇರೆ ವ್ಯಾಪಾರದಲ್ಲಿದ್ದಾನೆ. ನೋಟ್‌ಬುಕ್ ಯಾರಿಗೆ ಎಂದು ಕೇಳಿದ್ದಕ್ಕೆ ಅವರು ಪೆನ್ಸಿಲ್ ಕೆತ್ತತೊಡಗಿದರು. ಮಳಿಗೆ ಬೆಳಗ್ಗೆ ಮಾತ್ರ ತೆರೆದಿರುತ್ತದೆ. ಸಂದೇಹವಿದ್ದರೆ ನಿಮ್ಮ ತಗಡಿನ 100 ಮಿ.ಮೀ. ಪಟ್ಟಿಯನ್ನು, ನಿಮ್ಮದೇ ಡೈನಲ್ಲಿ ಮಡಿಸಿ ಕೊಂಡೊಯ್ಯಿರಿ. ಬರಿಗೈಯಲ್ಲಿ ಹೋದವರಿಗೆ ಅವರು ಅಂಕಿ ಹೇಳುವುದಿಲ್ಲ.